ಪೆಟ್ಟಿಗೆಯ ಅಂಕಿ, ಟ್ಯೂಬಿನ ಅಂಕಿ: ನಕಲಿ ಸನ್‌ಸ್ಕ್ರೀನ್ ಗುರುತಿಸುವ ಬಗೆ

ಪ್ರಶ್ನೆ: ನಾನು ಪೆರ್ಲದಿಂದ ಬರೆಯುತ್ತಿದ್ದೇನೆ. ಮಗಳು ದಿನಾ ಮಂಗಳೂರಿನ ಕಾಲೇಜಿಗೆ ಹೋಗಿ ಬರುವವಳು. ಚರ್ಮದ ಡಾಕ್ಟರು ಬರೆದುಕೊಟ್ಟ ಸನ್‌ಸ್ಕ್ರೀನನ್ನು ಈ ಸಲ ಆನ್‌ಲೈನಿನಲ್ಲಿ ತರಿಸಿದೆ. ಕಾಸರಗೋಡಿನ ಅಂಗಡಿಯಲ್ಲಿ 545 ರೂಪಾಯಿಯದ್ದು ಇಲ್ಲಿ 229ಕ್ಕೆ ಸಿಕ್ಕಿತು. ಪೆಟ್ಟಿಗೆ ನೋಡಿದರೆ ಅಸಲಿಯ ಹಾಗೆಯೇ ಉಂಟು, ಬಾರ್‌ಕೋಡ್ ಕೂಡ ಸ್ಕ್ಯಾನ್ ಆಗುತ್ತದೆ. ಆದರೆ ಕ್ರೀಮು ಹಿಂದಿನದಕ್ಕಿಂತ ನೀರಾಗಿದೆ ಎಂದು ಮಗಳು ಹೇಳುತ್ತಾಳೆ. ವಾಪಸ್ ಮಾಡಲು ಇನ್ನು ನಾಲ್ಕು ದಿನ ಉಳಿದಿದೆ. ಪೆಟ್ಟಿಗೆ, ಟ್ಯೂಬು, ಬಿಲ್ಲು ಮೂರರ ಫೋಟೋ ಮತ್ತು ಲಿಂಕ್ ಕಳಿಸಿದ್ದೇನೆ. ಇದು ನಕಲಿಯೋ ಅಲ್ಲವೋ ತಿಳಿಯುವುದು ಹೇಗೆ?

ಉತ್ತರ: ಮಗಳಿಗೆ ಅದನ್ನು ಇನ್ನು ಹಚ್ಚಬೇಡ ಎಂದು ಹೇಳಿ. ವಾಪಸಿನ ಕೋರಿಕೆಯನ್ನು ಇವತ್ತೇ ಹಾಕಿ. ನಿಮ್ಮ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದ್ದೇನೆ, ಲಿಂಕನ್ನೂ ತೆರೆದು ನೋಡಿದ್ದೇನೆ. ಅದು ನಕಲಿ ಎಂದೇ ನನ್ನ ತೀರ್ಮಾನ. ಆದರೆ ಆ ತೀರ್ಮಾನಕ್ಕೆ ಬಂದದ್ದು ಕ್ರೀಮು ನೀರಾಗಿದೆ ಎಂಬುದರಿಂದಲ್ಲ, ಬೆಲೆಯೊಂದರಿಂದಲೂ ಅಲ್ಲ. ನಾಳೆ ಇನ್ನೊಂದು ಸಾಮಾನು ಬಂದಾಗ ನೀವೇ ನೋಡಿಕೊಳ್ಳಬಹುದಾದ್ದರಿಂದ ನಾನು ನೋಡಿದ್ದನ್ನೆಲ್ಲ ಬಿಡಿಸಿ ಹೇಳುತ್ತೇನೆ.

ಮಂಗಳೂರಿನ ಒಂದು ಸಗಟು ಡಿಪೋದಲ್ಲಿ ಹದಿನೆಂಟು ವರ್ಷ ವಾಪಸ್ ಬಂದ ಸರಕನ್ನು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ಮೊದಮೊದಲು ನಕಲಿ ಪೆಟ್ಟಿಗೆಯಲ್ಲಿ ಕಾಗುಣಿತದ ತಪ್ಪು ಇರುತ್ತಿತ್ತು, ಬಣ್ಣ ಮಂಕಾಗಿರುತ್ತಿತ್ತು, ರಟ್ಟು ತೆಳ್ಳಗಿರುತ್ತಿತ್ತು. ಈಗ ಅದನ್ನೇ ನಂಬಿ ಕುಳಿತರೆ ಮೋಸ ಹೋಗುತ್ತೇವೆ. ಅಸಲಿ ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿ ಒಳ್ಳೆಯ ಪ್ರೆಸ್ಸಿನಲ್ಲಿ ಮುದ್ರಿಸಿದರೆ ಅಕ್ಷರ, ಬಣ್ಣ, ಕಂಪೆನಿಯ ವಿಳಾಸ, ತಯಾರಿಕೆಯ ಲೈಸೆನ್ಸ್ ಸಂಖ್ಯೆ ಎಲ್ಲ ಇದ್ದ ಹಾಗೆಯೇ ಬಂದುಬಿಡುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿಯೂ ಒಂದೇ ಒಂದು ಅಕ್ಷರ ತಪ್ಪಿಲ್ಲ. ನಕಲು ಮಾಡುವವನು ಒಂದೊಂದು ಅಂಕಿಯನ್ನೂ ಕದಿಯಬಲ್ಲ. ಆದರೆ ಪೆಟ್ಟಿಗೆಯ ಅಂಕಿ, ಟ್ಯೂಬಿನ ಅಂಕಿ, ಬಿಲ್ಲಿನ ಅಂಕಿ ಇವೆಲ್ಲ ಒಂದಕ್ಕೊಂದು ತಾಳೆಯಾಗುವಂತೆ ಪ್ರತಿ ಸಲವೂ ಹೊಂದಿಸಲು ಅವನಿಗೆ ವ್ಯವಧಾನವಿಲ್ಲ. ನಾನು ನೋಡುವುದು ಆ ತಾಳೆಯನ್ನು.

ಬಾರ್‌ಕೋಡಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ತುಂಬ ಜನ ಅಲ್ಲಿಯೇ ಸಮಾಧಾನಪಟ್ಟುಕೊಂಡು ನಿಲ್ಲುತ್ತಾರೆ. ಅದರ ಹದಿಮೂರು ಅಂಕಿಗಳಲ್ಲಿ ಕೊನೆಯದು ಉಳಿದ ಹನ್ನೆರಡರ ಲೆಕ್ಕದಿಂದ ಬರುವ ಅಂಕಿ. ಯಂತ್ರ ಪೀಪ್ ಎಂದರೆ ಆ ಲೆಕ್ಕ ಸರಿ ಇದೆ ಎಂದು ಅರ್ಥ, ಅಷ್ಟೇ. ಆರಂಭದ 890 ಎಂಬುದು ಆ ಸಂಖ್ಯೆಯನ್ನು ಭಾರತದ ಜಿಎಸ್‌1 ಸಂಸ್ಥೆ ಕೊಟ್ಟದ್ದೆಂದು ಹೇಳುತ್ತದೆ, ಒಳಗಿನ ಸಾಮಾನು ಎಲ್ಲಿ ತಯಾರಾಯಿತೆಂದು ಹೇಳುವುದಿಲ್ಲ. ಒಂದು ಸಾಮಾನಿನ ಲಕ್ಷ ಪೆಟ್ಟಿಗೆಗೂ ಬಾರ್‌ಕೋಡ್ ಒಂದೇ. ಬ್ಯಾಚಿನ ಸುದ್ದಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ಜೆರಾಕ್ಸ್ ಮಾಡಿದ ಬಾರ್‌ಕೋಡೂ ಸ್ಕ್ಯಾನ್ ಆಗುತ್ತದೆ. ಕ್ಯೂಆರ್ ಕೋಡಿನ ಕಥೆಯೂ ಹೆಚ್ಚು ಬೇರೆಯಲ್ಲ. ಕದ್ದ ಕ್ಯೂಆರ್ ಕೋಡು ನಿಮ್ಮನ್ನು ಕಂಪೆನಿಯ ನಿಜವಾದ ಪುಟಕ್ಕೇ ಕರೆದೊಯ್ಯುತ್ತದೆ. ಕೆರೆದು ನೋಡುವ, ಪ್ರತಿ ಪೆಟ್ಟಿಗೆಗೂ ಬೇರೆಬೇರೆಯಾದ ಗುಪ್ತ ಸಂಖ್ಯೆ ಇದ್ದರೆ ಮಾತ್ರ ಅದಕ್ಕೆ ಬೆಲೆ. ಅಂಥದ್ದು ನಿಮ್ಮ ಪೆಟ್ಟಿಗೆಯಲ್ಲಿಲ್ಲ.

ಈಗ ಪೆಟ್ಟಿಗೆಯನ್ನು ಕೈಗೆತ್ತಿಕೊಳ್ಳಿ. ಎಂಆರ್‌ಪಿ ಇರುವ ಬದಿಯಲ್ಲಿ ಅದರ ಕೆಳಗೆ ಇನ್ನೊಂದು ಸಣ್ಣ ಸಾಲು ಇದೆ: ಒಂದು ಗ್ರಾಮಿಗೆ ಎಷ್ಟು ರೂಪಾಯಿ ಎಂಬ ಸಾಲು. ಪೊಟ್ಟಣದ ಸರಕುಗಳ ಕಾನೂನಿನ ಪ್ರಕಾರ ಕೆಲವು ವರ್ಷಗಳಿಂದ ಇದನ್ನು ಎಂಆರ್‌ಪಿಯ ಜೊತೆಗೆ ಮುದ್ರಿಸಬೇಕು. ಗಿರಾಕಿಗಳಲ್ಲಿ ಇದನ್ನು ಓದುವವರು ಅಪರೂಪ, ನಕಲು ಮಾಡುವವರಿಗೂ ಇದರ ಮೇಲೆ ಗಮನ ಹೋಗುವುದಿಲ್ಲ. ಲೆಕ್ಕ ಬಹಳ ಸುಲಭ: ಎಂಆರ್‌ಪಿಯನ್ನು ತೂಕದಿಂದ ಭಾಗಿಸಿದರೆ ಆ ಅಂಕಿ ಬರಬೇಕು. ನಿಮ್ಮದರಲ್ಲಿ ಎಂಆರ್‌ಪಿ 545, ತೂಕ 50 ಗ್ರಾಮು. ಭಾಗಿಸಿದರೆ ಗ್ರಾಮಿಗೆ 10 ರೂಪಾಯಿ 90 ಪೈಸೆ. ಪೆಟ್ಟಿಗೆಯ ಮೇಲೆ ಇರುವುದು 9.98. ಅದನ್ನು ತಿರುಗಿಸಿ ಐವತ್ತರಿಂದ ಗುಣಿಸಿ ನೋಡಿ: 499 ಬರುತ್ತದೆ. ಅಂದರೆ ಯಾರೋ 499 ರೂಪಾಯಿ ಬೆಲೆಯಿದ್ದ ಕಾಲದ ಹಳೆಯ ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿದ್ದಾರೆ, ಎಂಆರ್‌ಪಿಯನ್ನು ಈಗಿನದಕ್ಕೆ ತಿದ್ದಿದ್ದಾರೆ, ಕೆಳಗಿನ ಸಾಲನ್ನು ತಿದ್ದಲು ಮರೆತಿದ್ದಾರೆ. ಕಾರ್ಖಾನೆಯಲ್ಲಿ ಈ ಎರಡೂ ಅಂಕಿ ಸಾಮಾನ್ಯವಾಗಿ ಒಂದೇ ಯಂತ್ರದಿಂದ, ಒಂದೇ ಆದೇಶದಿಂದ ಬೀಳುತ್ತವೆ. ಒಂದು ಬದಲಾಗಿ ಇನ್ನೊಂದು ಹಳೆಯದಾಗಿ ಉಳಿಯುವುದು ನನ್ನ ಅನುಭವದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಂಆರ್‌ಪಿಯ ಪಕ್ಕದಲ್ಲಿ ಕಡಿಮೆ ಬೆಲೆಯ ಚೀಟಿ ಅಂಟಿಸಿದ್ದನ್ನು ಕಂಡು ಕೂಡಲೇ ನಕಲಿ ಎನ್ನಬೇಡಿ. ಬೆಲೆ ಇಳಿಸಿದಾಗ ಹಾಗೆ ಚೀಟಿ ಅಂಟಿಸಲು ಕಾನೂನಿನಲ್ಲೇ ಅವಕಾಶ ಉಂಟು. ಮೊದಲು ಮುದ್ರಿಸಿದ ಎಂಆರ್‌ಪಿಯನ್ನು ಅದು ಮುಚ್ಚಬಾರದು, ಅಷ್ಟೇ. ಹಳೆಯ ಬೆಲೆಯನ್ನು ಮುಚ್ಚಿ ಹೆಚ್ಚಿನ ಬೆಲೆಯ ಚೀಟಿ ಹಾಕಿದ್ದರೆ ಅದು ತಪ್ಪು. ಆದರೆ ಅದು ಅಂಗಡಿಯವನ ತಪ್ಪಾಗಿರಬಹುದು, ಒಳಗಿನ ಮಾಲು ಅಸಲಿಯೇ ಆಗಿರಬಹುದು.

ಎರಡನೆಯ ತಾಳೆ ಪೆಟ್ಟಿಗೆಗೂ ಟ್ಯೂಬಿಗೂ ನಡುವಿನದು, ನಿಮ್ಮ ಸಾಮಾನನ್ನು ಹಿಡಿದುಕೊಟ್ಟದ್ದು ಮುಖ್ಯವಾಗಿ ಇದೇ. ಬ್ಯಾಚ್ ಎಂದರೆ ಒಂದು ಸಲ ಒಂದು ದೊಡ್ಡ ಪಾತ್ರೆಯಲ್ಲಿ ಕಲಸಿದ ಕ್ರೀಮು. ಅದಕ್ಕೊಂದು ಸಂಖ್ಯೆ ಕೊಡುತ್ತಾರೆ. ಏನು ಹಾಕಿದರು, ಯಾವತ್ತು ಕಲಸಿದರು, ಪರೀಕ್ಷೆಯಲ್ಲಿ ಏನು ಬಂತು ಎಂಬ ದಾಖಲೆಯೆಲ್ಲ ಆ ಸಂಖ್ಯೆಯ ಹೆಸರಿನಲ್ಲಿ ಕಾರ್ಖಾನೆಯಲ್ಲಿ ಇರುತ್ತದೆ. ಸೌಂದರ್ಯವರ್ಧಕಗಳ ನಿಯಮದಲ್ಲಿ, ಹತ್ತು ಗ್ರಾಮಿನ ಒಳಗಿನ ಕ್ರೀಮು, ಇಪ್ಪತ್ತೈದು ಎಂಎಲ್ ಒಳಗಿನ ದ್ರವದಂಥ ಪುಟ್ಟ ಪೊಟ್ಟಣಗಳನ್ನು ಬಿಟ್ಟರೆ, ಬ್ಯಾಚ್ ಸಂಖ್ಯೆ ಇರಲೇಬೇಕು. ನಿಮ್ಮ ಪೆಟ್ಟಿಗೆಯ ಮೇಲೆ ಬ್ಯಾಚ್ 5142, ತಯಾರಿ 06/2025, ಅವಧಿ 05/2027 ಎಂದಿದೆ. ಟ್ಯೂಬಿನ ಕೆಳತುದಿಯಲ್ಲಿ ಚಪ್ಪಟೆಯಾಗಿ ಒತ್ತಿದ ಅಂಚು ಇದೆಯಲ್ಲ, ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬಣ್ಣವಿಲ್ಲದೆ ಒತ್ತಿದ ಅಂಕಿ ಕಾಣುತ್ತದೆ. ನಿಮ್ಮ ಮೂರನೆಯ ಫೋಟೋದಲ್ಲಿ ಅದು 4309. ಒಂದು ಪೆಟ್ಟಿಗೆ, ಒಳಗೆ ಒಂದೇ ಟ್ಯೂಬು, ಬ್ಯಾಚ್ ಎರಡು. ಎರಡು ಮೂರು ಬೇರೆಬೇರೆ ಸಾಮಾನು ಸೇರಿಸಿ ಕಟ್ಟಿದ ಕಾಂಬೊ ಆದರೆ ಸಂಖ್ಯೆ ಬೇರೆಯಾಗುವುದು ಸಹಜ. ಒಂಟಿ ಟ್ಯೂಬಿಗೆ ಆ ಸಮಜಾಯಿಷಿ ನಡೆಯುವುದಿಲ್ಲ.

ಹೀಗೆ ಯಾಕೆ ಆಗುತ್ತದೆಂದರೆ, ಪೆಟ್ಟಿಗೆ ಮಾಡಿಸುವ ಜಾಗ ಬೇರೆ, ಟ್ಯೂಬು ತುಂಬುವ ಜಾಗ ಬೇರೆ. ಟ್ಯೂಬಿನ ಅಂಚು ಒತ್ತುವ ಅಚ್ಚಿನಲ್ಲಿ ಅಂಕಿ ಬದಲಿಸುವುದು ಕಿರಿಕಿರಿಯ ಕೆಲಸ. ಪೆಟ್ಟಿಗೆಯಲ್ಲಿ ದಿನಾಂಕ ಹಳೆಯದಾದರೆ ಗಿರಾಕಿ ಮೂಗು ಮುರಿಯುತ್ತಾನೆಂದು ಅದನ್ನು ಬದಲಿಸುತ್ತಾರೆ. ಟ್ಯೂಬಿನ ಅಂಚನ್ನು ಯಾರು ನೋಡುತ್ತಾರೆಂದು ಒಂದೇ ಅಚ್ಚನ್ನು ತಿಂಗಳುಗಟ್ಟಲೆ ಓಡಿಸುತ್ತಾರೆ. ನಿಮ್ಮ ಲಿಂಕಿನಲ್ಲಿ ಕೊಂಡವರು ಹಾಕಿದ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಅಂಚಿನ ಅಂಕಿ ಓದಲು ಬರುವಂಥವು ಮೂರು ಸಿಕ್ಕಿದವು. ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ತಿಂಗಳ ಅಂತರವಿದೆ, ಮೂರರಲ್ಲೂ ಇರುವುದು 4309. ಅಸಲಿ ಮಾಲು ಮಾರುವ ಅಂಗಡಿಯಲ್ಲಿ ಬ್ಯಾಚು ಓಡುತ್ತಿರುತ್ತದೆ; ಹೆಚ್ಚು ಬಿಕರಿಯಾಗುವ ಸಾಮಾನಾದರೆ ಎರಡು ಮೂರು ತಿಂಗಳಲ್ಲಿ ಬದಲಾಗಿಬಿಡುತ್ತದೆ. ನಮ್ಮ ಡಿಪೋಗೆ ಒಮ್ಮೆ ಬೇರೆಬೇರೆ ಊರುಗಳಿಂದ ಹನ್ನೊಂದು ಪೆಟ್ಟಿಗೆ ವಾಪಸ್ ಬಂದಿದ್ದವು. ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಗೊತ್ತಾಯಿತು, ಹನ್ನೊಂದರಲ್ಲೂ ಬ್ಯಾಚ್ ಸಂಖ್ಯೆಯ ಎಡಗಡೆ ಒಂದೇ ಜಾಗದಲ್ಲಿ ಒಂದು ಪುಟ್ಟ ಗೀರು. ಅಸಲಿ ಪೆಟ್ಟಿಗೆಯೊಂದರ ಮೇಲೆ ಎಲ್ಲೋ ಬಿದ್ದ ಗೀರು ಸ್ಕ್ಯಾನಿನಲ್ಲಿ ಸೇರಿಕೊಂಡು ಎಲ್ಲ ನಕಲಿಗಳಿಗೂ ಹರಡಿತ್ತು. ಬೇರೆಯವರು ಹಾಕಿದ ಫೋಟೋ ನೋಡುವ ಅಭ್ಯಾಸ ನನಗೆ ಅಂದಿನಿಂದ ಬಂತು. ನಕ್ಷತ್ರ ಎಷ್ಟು, ಹೊಗಳಿಕೆ ಏನು ಎಂಬುದನ್ನು ಬಿಟ್ಟು ಫೋಟೋದಲ್ಲಿ ಅಂಕಿ ಕಾಣುತ್ತದೆಯೇ ಎಂದಷ್ಟೇ ನೋಡುತ್ತೇನೆ.

ಬ್ಯಾಚ್ ಸಂಖ್ಯೆಯ ಮುದ್ರಣದ ಬಗ್ಗೆ ಜನರಲ್ಲಿ ಒಂದು ತಿರುವುಮುರುವಾದ ನಂಬಿಕೆ ಇದೆ. ಅಂಕಿ ಸ್ವಲ್ಪ ಸೊಟ್ಟಗಿದ್ದರೆ, ಚುಕ್ಕೆಚುಕ್ಕೆಯಾಗಿದ್ದರೆ ನಕಲಿ ಎನ್ನುತ್ತಾರೆ. ನಿಜವೆಂದರೆ ಅಸಲಿ ಪೆಟ್ಟಿಗೆಯಲ್ಲಿ ಅದು ಹಾಗೆಯೇ ಇರುವುದು ಹೆಚ್ಚು. ಪೆಟ್ಟಿಗೆಯ ಚಿತ್ರ ಮತ್ತು ಬರಹವನ್ನು ಪ್ರೆಸ್ಸಿನಲ್ಲಿ ಮೊದಲೇ ಮುದ್ರಿಸಿ ತಂದಿರುತ್ತಾರೆ. ಬ್ಯಾಚು, ತಿಂಗಳು, ಬೆಲೆಗಳನ್ನು ಮಾಲು ತುಂಬಿದ ಮೇಲೆ, ಪೆಟ್ಟಿಗೆ ಪಟ್ಟಿಯ ಮೇಲೆ ಓಡುತ್ತಿರುವಾಗ ಶಾಯಿ ಚಿಮ್ಮುವ ಯಂತ್ರ ಹಾಕುತ್ತದೆ. ಓಟದಲ್ಲಿ ಬೀಳುವ ಶಾಯಿಯಾದ್ದರಿಂದ ಅಕ್ಷರ ಚುಕ್ಕೆಗಳಿಂದ ಕೂಡಿರುತ್ತದೆ, ಕೂದಲೆಳೆಯಷ್ಟು ಮೇಲೆ ಕೆಳಗೆ ಆಗಿರುತ್ತದೆ, ಬಣ್ಣವೂ ಉಳಿದ ಕಪ್ಪಿಗಿಂತ ಬೇರೆ ಕಾಣುತ್ತದೆ. ನಕಲಿಯಲ್ಲಿ ಅನೇಕ ಸಲ ಬ್ಯಾಚ್ ಸಂಖ್ಯೆ ಉಳಿದ ಬರಹದ ಜೊತೆಯಲ್ಲೇ ಮುದ್ರಣವಾಗಿರುತ್ತದೆ, ಅದೇ ಹೊಳಪು, ಅದೇ ನೇರ. ಫೋನಿನ ಕ್ಯಾಮರಾವನ್ನು ಹತ್ತಿರ ಹಿಡಿದು ದೊಡ್ಡದು ಮಾಡಿದರೆ ಈ ವ್ಯತ್ಯಾಸ ಮನೆಯಲ್ಲೇ ಕಾಣುತ್ತದೆ. ಸ್ಪಿರಿಟ್ ಹಚ್ಚಿ ಉಜ್ಜಿ ನೋಡುವುದು ಬೇಡ; ಅಸಲಿ ಶಾಯಿಯೂ ಎಷ್ಟೋ ಸಲ ಅಳಿಸಿ ಹೋಗುತ್ತದೆ, ಇದ್ದ ಸಾಕ್ಷಿಯೂ ಹಾಳಾಗುತ್ತದೆ. ಎಲ್ಲ ಕಂಪೆನಿಯ ಯಂತ್ರವೂ ಒಂದೇ ರೀತಿಯದಲ್ಲ, ಲೇಸರಿನಿಂದ ಕೆತ್ತುವವರೂ ಇದ್ದಾರೆ. ಆದ್ದರಿಂದ ನಂಬಿಕೆಯ ಅಂಗಡಿಯಿಂದ ತಂದ ಹಳೆಯ ಪೆಟ್ಟಿಗೆ ಮನೆಯಲ್ಲಿದ್ದರೆ ಅದರ ಪಕ್ಕದಲ್ಲಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಬೆಲೆಯ ಮಾತಿಗೆ ಬರುತ್ತೇನೆ. ಎಷ್ಟು ಕಡಿಮೆಯಾದರೆ ಅನುಮಾನಪಡಬೇಕು ಎಂದು ತುಂಬ ಮಂದಿ ಕೇಳುತ್ತಾರೆ. ಶೇಕಡಾ ಹೇಳುವುದಕ್ಕಿಂತ ಮಾರುವವನ ಜಾಗದಲ್ಲಿ ಕುಳಿತು ಲೆಕ್ಕ ಹಾಕುವುದು ಮೇಲು. ನೀವು ಕೊಟ್ಟ 229ರಲ್ಲಿ ಹದಿನೆಂಟು ಶೇಕಡಾ ಜಿಎಸ್‌ಟಿ ಸೇರಿದೆ. ಅದನ್ನು ತೆಗೆದರೆ 194 ರೂಪಾಯಿ. ಆ್ಯಪ್‌ನವರ ಕಮಿಷನ್ನು, ಪೆರ್ಲದವರೆಗಿನ ಕೊರಿಯರು, ಪ್ಯಾಕಿಂಗು ಎಲ್ಲ ಸೇರಿ ಬಹಳ ಕಡಿಮೆ ಹಿಡಿದು 70 ಎನ್ನೋಣ. ಅವನ ಕೈಗೆ ಉಳಿದದ್ದು 124. ಇನ್ನು ಅಸಲಿ ಮಾಲು ಅವನಿಗೆ ಎಷ್ಟಕ್ಕೆ ಬೀಳಬೇಕು? ಅಂಗಡಿಗೆ ಎಂಆರ್‌ಪಿಯ ಮೇಲೆ ಇಪ್ಪತ್ತು ಶೇಕಡಾ ಬಿಟ್ಟುಕೊಟ್ಟರೂ 436 ರೂಪಾಯಿ, ತೆರಿಗೆ ಕಳೆದರೆ 369. ಮುನ್ನೂರ ಅರವತ್ತೊಂಬತ್ತಕ್ಕೆ ತಂದದ್ದನ್ನು ನೂರ ಇಪ್ಪತ್ತನಾಲ್ಕಕ್ಕೆ ಕೊಡುವ ವ್ಯಾಪಾರಿ ಎರಡನೇ ದಿನ ಬಾಗಿಲು ಹಾಕಬೇಕು. ಕಾಸರಗೋಡಿನ ಹೊಸ ಬಸ್ ಸ್ಟ್ಯಾಂಡ್ ಬಳಿಯ ನಿಮ್ಮ ಪರಿಚಯದ ಮೆಡಿಕಲ್‌ನವರನ್ನು ಕೇಳಿ ನೋಡಿ, ಅವರಿಗೆ ಎಷ್ಟಕ್ಕೆ ಬೀಳುತ್ತದೆಂದು. ಇಪ್ಪತ್ತು ಶೇಕಡಾ ಎಂದು ನಾನು ಹಿಡಿದದ್ದು ಸ್ವಲ್ಪ ಆಚೀಚೆ ಆದರೂ ಉತ್ತರ ಬದಲಾಗುವುದಿಲ್ಲ.

ಅವಧಿ ಮುಗಿಯಲು ಎರಡು ಮೂರು ತಿಂಗಳು ಉಳಿದ ಮಾಲನ್ನು ಕಂಪೆನಿಯವರೇ ಅರ್ಧ ಬೆಲೆಗೆ ಹೊರಹಾಕುವುದುಂಟು. ಆದರೆ ಆಗ ಪೆಟ್ಟಿಗೆಯ ದಿನಾಂಕವೂ ಅದನ್ನೇ ಹೇಳಬೇಕು. ಅವಧಿ ಇನ್ನೂ ಬಹಳ ದಿನ ಇದ್ದು ಬೆಲೆ ಮಾತ್ರ ತೀರಿಸುವ ಮಾಲಿನ ಬೆಲೆಯಾಗಿದ್ದರೆ ತಾಳೆ ತಪ್ಪಿತೆಂದು ಲೆಕ್ಕ. ಇದರ ಜೊತೆಗೆ ನನ್ನನ್ನು ಹೆಚ್ಚು ಕಾಡುವ ಮಾತೊಂದನ್ನು ಹೇಳಲೇಬೇಕು: ಜಾಣ ನಕಲಿಗಾರ 545ರದ್ದನ್ನು 480ಕ್ಕೆ ಇಡುತ್ತಾನೆ. ಅಲ್ಲಿ ಬೆಲೆ ನಿಮಗೆ ಏನನ್ನೂ ಹೇಳಿಕೊಡುವುದಿಲ್ಲ. ಬೆಲೆ ಸರಿ ಇದೆ ಎಂದು ಟ್ಯೂಬಿನ ಅಂಚು ನೋಡುವುದನ್ನು ಬಿಡಬೇಡಿ.

ಮಾರುವವನ ಚರಿತ್ರೆ ನೋಡುವುದರಲ್ಲಿ ಎಲ್ಲರೂ ಎಡವುವ ಕಡೆ ಒಂದಿದೆ. ಸಾಮಾನಿನ ಪುಟದಲ್ಲಿ ಕಾಣುವ ನಾಲ್ಕೂವರೆ ನಕ್ಷತ್ರ ಸಾಮಾನಿಗೆ ಸಿಕ್ಕಿದ್ದು, ನಿಮಗೆ ಮಾರಿದವನಿಗೆ ಸಿಕ್ಕಿದ್ದಲ್ಲ. ದೊಡ್ಡ ಆ್ಯಪ್‌ಗಳಲ್ಲಿ ಒಂದೇ ಪುಟಕ್ಕೆ ಹತ್ತಾರು ಮಾರಾಟಗಾರರು ಅಂಟಿಕೊಂಡಿರುತ್ತಾರೆ. ಎರಡು ವರ್ಷ ಅಸಲಿ ಮಾಲು ಮಾರಿದವರು ಗಳಿಸಿದ ಹೆಸರಿನ ಕೆಳಗೆ ಮೊನ್ನೆ ಬಂದವನು ಕಡಿಮೆ ಬೆಲೆ ಹಾಕಿ ಮೇಲೆ ಬಂದು ಕುಳಿತಿರುತ್ತಾನೆ. ಅದಕ್ಕೆ ಬೆಲೆಯ ಕೆಳಗೆ ಮಾರಾಟಗಾರ ಯಾರೆಂದು ಇರುವ ಹೆಸರನ್ನು ಒತ್ತಿ ಅವನದೇ ಪುಟಕ್ಕೆ ಹೋಗಬೇಕು. ನಿಮಗೆ ಮಾರಿದವನ ಪುಟದಲ್ಲಿ ಹಳೆಯ ಅಭಿಪ್ರಾಯಗಳೆಲ್ಲ ಮೊಬೈಲ್ ಕವರಿನವು. ಸನ್‌ಸ್ಕ್ರೀನಿನ ಮಾತು ಶುರುವಾಗುವುದು ಈಚೆಗೆ. ಆ್ಯಪ್‌ನ ಗೋದಾಮಿನಿಂದಲೇ ಕಳಿಸಿದ್ದಾರೆ ಎಂಬುದೂ ಗ್ಯಾರಂಟಿಯಲ್ಲ. ಮಾರಾಟಗಾರ ತಂದಿಟ್ಟ ಮಾಲನ್ನು ಗೋದಾಮು ಕಳಿಸುತ್ತದೆ, ಪೆಟ್ಟಿಗೆಯ ಬ್ಯಾಚ್ ಲೆಕ್ಕ ಹಾಕುವುದು ಅದರ ಕೆಲಸವಲ್ಲ.

ಇನ್ನೂ ಖಚಿತವಾದ ಚರಿತ್ರೆ ಬಿಲ್ಲಿನಲ್ಲಿದೆ. ಅದರಲ್ಲಿ ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: ಕೇರಳಕ್ಕೆ 32, ಕರ್ನಾಟಕಕ್ಕೆ 29, ದೆಹಲಿಗೆ 07. services.gst.gov.in ತೆರೆದು Search Taxpayer ಎಂಬಲ್ಲಿ ಆ ಸಂಖ್ಯೆ ಹಾಕಿದರೆ ನಿಜವಾದ ಹೆಸರು, ನೋಂದಣಿಯಾದ ದಿನ, ನೋಂದಣಿ ಈಗಲೂ ಜೀವಂತವಿದೆಯೋ ರದ್ದಾಗಿದೆಯೋ ಎಂಬುದು ಬರುತ್ತದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ನಿಮ್ಮ ಬಿಲ್ಲಿನದು 07ರಿಂದ ಶುರು, ನೋಂದಣಿಯಾಗಿ ಒಂದು ವರ್ಷವೂ ಆಗಿಲ್ಲ. ಹೊಸದಾಗಿ ಅಂಗಡಿ ತೆರೆದವರೆಲ್ಲ ಕಳ್ಳರಲ್ಲ, ಆದ್ದರಿಂದ ಅದೊಂದನ್ನೇ ಹಿಡಿದು ತೀರ್ಪು ಕೊಡಲಾರೆ. ಆದರೆ ಅದೇ ಬಿಲ್ಲಿನಲ್ಲಿ ಸಾಮಾನಿನ ಮುಂದೆ ಎಚ್‌ಎಸ್‌ಎನ್ ಎಂಬ ಸಂಖ್ಯೆ ನೋಡಿ: 3926. ಅದು ಪ್ಲಾಸ್ಟಿಕ್ ಸಾಮಾನುಗಳ ಸಂಖ್ಯೆ. ಚರ್ಮಕ್ಕೆ ಹಚ್ಚುವ ಕ್ರೀಮು, ಸನ್‌ಸ್ಕ್ರೀನುಗಳಿಗೆ ಇರುವುದು 3304. ಕಂಪೆನಿಯಿಂದ ಅಥವಾ ಅದರ ವಿತರಕನಿಂದ ಕ್ರೀಮು ಕೊಂಡವನ ಕೈಯಲ್ಲಿ 3304 ಎಂದು ಬರೆದ ಖರೀದಿ ಬಿಲ್ಲು ಇರುತ್ತದೆ, ಅದೇ ಸಂಖ್ಯೆ ಮಾರಾಟದ ಬಿಲ್ಲಿಗೂ ಇಳಿಯುತ್ತದೆ. ಕವರು ಮಾರುವಾಗ ಹಾಕಿದ್ದ ಸಂಖ್ಯೆಯೇ ಕ್ರೀಮಿಗೂ ಮುಂದುವರಿದಿದೆ ಎಂದರೆ ಅವನ ಹತ್ತಿರ ಕ್ರೀಮಿನ ಖರೀದಿ ಬಿಲ್ಲು ಇತ್ತೇ ಎಂಬ ಪ್ರಶ್ನೆ ಏಳುತ್ತದೆ. ಲೆಕ್ಕ ಬರೆಯುವವರ ಅಜಾಗರೂಕತೆಯೂ ಆಗಿರಬಹುದು. ಇದನ್ನು ನಾನು ಅನುಮಾನದ ಪಟ್ಟಿಯಲ್ಲಿ ಇಡುತ್ತೇನೆ, ಸಾಕ್ಷಿಯ ಪಟ್ಟಿಯಲ್ಲಲ್ಲ. ಸಾಕ್ಷಿ ಎಂದು ನಾನು ಧೈರ್ಯದಿಂದ ಮುಂದಿಡುವುದು ಗ್ರಾಮಿನ ಬೆಲೆಯ ಸಾಲನ್ನು ಮತ್ತು ಎರಡು ಬ್ಯಾಚ್ ಸಂಖ್ಯೆಗಳನ್ನು.

ಕ್ರೀಮು ನೀರಾದದ್ದನ್ನು ನಾನು ಬದಿಗಿಟ್ಟದ್ದಕ್ಕೆ ಕಾರಣವಿದೆ. ಎಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಕೊರಿಯರ್ ವ್ಯಾನಿನಲ್ಲಿ ಕುಳಿತ ಅಸಲಿ ಕ್ರೀಮೂ ಒಡೆದು ನೀರುಬಿಡುತ್ತದೆ. ಕಂಪೆನಿಯವರು ಪಾಕ ಬದಲಿಸಿದರೂ ಹದ ಬದಲಾಗುತ್ತದೆ. ಪರಿಮಳ, ಬಣ್ಣಗಳನ್ನು ನಂಬಲಾಗುವುದಿಲ್ಲ. ಸನ್‌ಸ್ಕ್ರೀನಿನ ಮಟ್ಟಿಗೆ ಇನ್ನೂ ದೊಡ್ಡ ತೊಡಕೆಂದರೆ, ಬಿಸಿಲನ್ನು ಅದು ತಡೆಯುತ್ತದೆಯೇ ಎಂಬುದನ್ನು ಮನೆಯಲ್ಲಿ ತಿಳಿಯುವ ದಾರಿಯೇ ಇಲ್ಲ. ಹಚ್ಚಿಕೊಂಡ ನಂಬಿಕೆಯಲ್ಲಿ ಮಗು ಬಿಸಿಲಲ್ಲಿ ನಿಲ್ಲುತ್ತದೆ, ಅಷ್ಟೇ. ನಕಲಿ ಕ್ರೀಮಿನಲ್ಲಿ ಏನಿದೆ ಎಂಬುದೂ ಗೊತ್ತಿರುವುದಿಲ್ಲ. 2023ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಾಗಿ ಬಂದವರನ್ನು ವಿಚಾರಿಸುತ್ತ ಹೋದ ವೈದ್ಯರಿಗೆ ಸಿಕ್ಕಿದ ಎಳೆ ಅವರು ಬಳಸುತ್ತಿದ್ದ ಬಿಳುಪಿನ ಕ್ರೀಮುಗಳು, ಅವುಗಳಲ್ಲಿದ್ದ ಪಾದರಸ. ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಶುರುಮಾಡಿದ್ದೂ ಆ ವರ್ಷವೇ. ನಿಮ್ಮ ಟ್ಯೂಬಿನಲ್ಲಿ ಪಾದರಸ ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎಂದು ಹೇಳುವ ಬ್ಯಾಚ್ ದಾಖಲೆ ಅದಕ್ಕಿಲ್ಲ, ನನ್ನ ಆತಂಕ ಅದು.

ಈ ತಾಳೆ ನೋಡುವ ಕ್ರಮಕ್ಕೂ ಮಿತಿ ಇದೆ. ಅಸಲಿ ಬಾಟಲಿಯನ್ನೇ ಗುಜರಿಯಿಂದ ತಂದು ಬೇರೆ ಮಾಲು ತುಂಬಿದರೆ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಡಬ್ಬಿ, ಬಾಟಲಿಗಳಲ್ಲಿ ಇದು ಹೆಚ್ಚು. ಅಲ್ಲಿ ನೋಡಬೇಕಾದದ್ದು ಮುಚ್ಚಳದ ಕೆಳಗಿನ ಬೆಳ್ಳಿ ಹಾಳೆ, ಮುಚ್ಚಳ ತಿರುಗಿಸಿದಾಗ ತುಂಡಾಗಬೇಕಾದ ಬಳೆ. ಟ್ಯೂಬನ್ನು ಮತ್ತೆ ತುಂಬಬೇಕಾದರೆ ಕೆಳಗಿನ ಅಂಚನ್ನು ಕತ್ತರಿಸಿ ಇನ್ನೊಮ್ಮೆ ಒತ್ತಬೇಕು, ಆಗ ಟ್ಯೂಬು ಗಿಡ್ಡವಾಗುತ್ತದೆ. ಹಳೆಯ ಟ್ಯೂಬಿನ ಪಕ್ಕ ನಿಲ್ಲಿಸಿದರೆ ಗೊತ್ತಾಗುತ್ತದೆ. ಇನ್ನೊಂದು ಮಿತಿ ನಮ್ಮ ಕಾಸರಗೋಡಿಗೇ ವಿಶೇಷವಾದದ್ದು. ಭಾವನೋ ಅಣ್ಣನೋ ದುಬಾಯಿಯಿಂದ ತಂದ ಅದೇ ಬ್ರ್ಯಾಂಡಿನ ಟ್ಯೂಬಿನಲ್ಲಿ ಎಂಆರ್‌ಪಿ ಇರುವುದಿಲ್ಲ, ಅರಬಿ ಬರಹ ಇರುತ್ತದೆ, ಕಾರ್ಖಾನೆಯ ವಿಳಾಸವೂ ಬೇರೆ. ಅದರ ಪಕ್ಕದಲ್ಲಿಟ್ಟು ಇಲ್ಲಿಯದನ್ನು ನಕಲಿ ಎನ್ನಬೇಡಿ, ಇಲ್ಲಿಯದರ ಪಕ್ಕದಲ್ಲಿಟ್ಟು ಅದನ್ನೂ ನಕಲಿ ಎನ್ನಬೇಡಿ. ಆದರೆ ಅಂಥ ಮಾಲನ್ನು ಯಾರಾದರೂ ಆ್ಯಪ್‌ನಲ್ಲಿ ಮಾರುತ್ತಿದ್ದರೆ ಅದರ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು.

ಮೊದಲೇ ನೋಡಿ ಕೊಳ್ಳಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಆನ್‌ಲೈನ್ ಪುಟದಲ್ಲಿ ಎಂಆರ್‌ಪಿ, ತೂಕ, ತಯಾರಕರ ವಿಳಾಸ ಹಾಕಬೇಕೆಂದು ನಿಯಮವಿದೆ, ತಯಾರಾದ ತಿಂಗಳನ್ನು ಹಾಕುವುದಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ. ಗೋದಾಮಿನಿಂದ ಯಾವ ಪೆಟ್ಟಿಗೆ ಹೊರಡುತ್ತದೆಂದು ಮುಂಚಿತವಾಗಿ ಹೇಳಲಾಗುವುದಿಲ್ಲವಲ್ಲ. ಆದ್ದರಿಂದ ಬ್ಯಾಚಿನ ಪರೀಕ್ಷೆ ಮಾಲು ಮನೆಗೆ ಬಂದ ಮೇಲೆಯೇ ಆಗಬೇಕು. ಕೊರಿಯರಿನವರು ಕೊಟ್ಟ ಪೊಟ್ಟಣವನ್ನು ಬಿಚ್ಚುವಾಗ ವಿಳಾಸದ ಚೀಟಿಯಿಂದ ಶುರುಮಾಡಿ ಟ್ಯೂಬಿನ ಅಂಚಿನವರೆಗೆ ಒಂದೇ ಓಟದ ವೀಡಿಯೋ ಮಾಡಿಕೊಳ್ಳಿ. ಈ ಸಲ ಅದು ನಿಮ್ಮಲ್ಲಿಲ್ಲ, ಇದ್ದಿದ್ದರೆ ಅವರು ‘ನೀವೇ ಬದಲಿಸಿದ್ದೀರಿ’ ಎನ್ನಲು ಬರುತ್ತಿರಲಿಲ್ಲ.

ಈಗ ಮಾಡಬೇಕಾದದ್ದು. ವಾಪಸಿನ ಕಾರಣದಲ್ಲಿ ‘ಇಷ್ಟವಾಗಲಿಲ್ಲ’ ಎಂದು ಒತ್ತಬೇಡಿ, ನಕಲಿ ಎಂಬ ಆಯ್ಕೆಯನ್ನೇ ಒತ್ತಿ. ಬರೆಯುವ ಜಾಗದಲ್ಲಿ ಪೆಟ್ಟಿಗೆಯ ಬ್ಯಾಚ್ 5142, ಟ್ಯೂಬಿನದು 4309, ಗ್ರಾಮಿನ ಬೆಲೆ 9.98, ಲೆಕ್ಕದ ಪ್ರಕಾರ 10.90 ಇರಬೇಕಿತ್ತು ಎಂದು ಅಂಕಿಗಳನ್ನೇ ಬರೆಯಿರಿ. ‘ಕ್ರೀಮು ಸರಿಯಿಲ್ಲ’ ಎಂದರೆ ವಾದಕ್ಕೆ ಎಡೆಯುಂಟು, ಅಂಕಿಗೆ ಇಲ್ಲ. ಅದೇ ಫೋಟೋಗಳನ್ನು ಕಂಪೆನಿಯ ಗ್ರಾಹಕ ವಿಭಾಗಕ್ಕೂ ಕಳಿಸಿ. ಅಸಲಿಯೇ ಎಂದು ಮಾತ್ರ ಕೇಳಿದರೆ ನಯವಾದ, ಉಪಯೋಗವಿಲ್ಲದ ಉತ್ತರ ಬರುತ್ತದೆ. ಬ್ಯಾಚ್ 5142 ಯಾವ ತಿಂಗಳಿನದು, ಎಷ್ಟು ಗ್ರಾಮಿನ ಟ್ಯೂಬಿಗೆ ತುಂಬಿದ್ದು, ಯಾವ ಎಂಆರ್‌ಪಿ ಹಾಕಿದ್ದು ಎಂದು ಕೇಳಿ. ಡಿಪೋದಲ್ಲಿದ್ದಾಗ ಹೀಗೆ ಕೇಳಿದ್ದಕ್ಕೆ ಒಮ್ಮೆ, ಸಂಖ್ಯೆ ನಮ್ಮದೇ, ಆದರೆ ಆ ಬ್ಯಾಚು ನೂರು ಗ್ರಾಮಿನ ಟ್ಯೂಬಿನದು ಎಂದು ಉತ್ತರ ಬಂದಿತ್ತು. ನಮ್ಮ ಕೈಯಲ್ಲಿದ್ದದ್ದು ಐವತ್ತು ಗ್ರಾಮಿನದು.

ಆ್ಯಪ್‌ನವರು ಕೈ ತೊಳೆದುಕೊಂಡರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯೊಳಗೆ ದೂರು ತಲುಪಿತೆಂದು ಹೇಳಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಅಷ್ಟರಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಮಾರಿದವನು ದೆಹಲಿಯಲ್ಲಿದ್ದರೂ ಗ್ರಾಹಕ ಕಾನೂನಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ಎರಡು ವರ್ಷದವರೆಗೆ ಸಮಯವಿದೆ.

ದುಡ್ಡು ವಾಪಸ್ ಕೊಟ್ಟು ಟ್ಯೂಬನ್ನು ನೀವೇ ಇಟ್ಟುಕೊಳ್ಳಿ ಎಂದು ಅವರು ಹೇಳಿದರೆ, ಕಸಕ್ಕೆ ಹಾಕಬೇಡಿ. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೆಯ ಕಲಮಿನಲ್ಲಿ, ತಾನು ಕೊಂಡ ಸೌಂದರ್ಯವರ್ಧಕವನ್ನು ನಿಗದಿತ ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕು ಯಾವ ಸಾಮಾನ್ಯ ಗ್ರಾಹಕನಿಗೂ ಇದೆ. ಜಿಲ್ಲೆಯ ಡ್ರಗ್ಸ್ ಇನ್‌ಸ್ಪೆಕ್ಟರ್ ಕಚೇರಿಯಲ್ಲಿ ಅರ್ಜಿಯ ಬಗ್ಗೆ ವಿಚಾರಿಸಿ. ಪೆಟ್ಟಿಗೆ, ಟ್ಯೂಬು, ಬಿಲ್ಲು ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಮನೆಯಲ್ಲಿ ಉಳಿದಿರುವ ಹಳೆಯ ಅಸಲಿ ಟ್ಯೂಬನ್ನು ಈ ವ್ಯವಹಾರ ಮುಗಿಯುವ ತನಕ ಹೋಲಿಕೆಗೆ ಇಟ್ಟುಕೊಳ್ಳಿ, ಆಮೇಲೆ ಗುಜರಿಯವರಿಗೆ ಕೊಡುವ ಮೊದಲು ಕತ್ತರಿಯಿಂದ ಉದ್ದಕ್ಕೆ ಸೀಳಿ ಕೊಡಿ.